ಟೈಟರ್ 1:400 ಬಂದಿದೆ. ಇದು ಇಲಿ ಜ್ವರವೋ, ಲಸಿಕೆಯ ಗುರುತೋ?

ಪ್ರಶ್ನೆ ಕೇಳಿದವರು:
ನಮ್ಮ ಲ್ಯಾಬ್ರಡಾರ್ ರಾಜನಿಗೆ 4 ವರ್ಷ, ತೂಕ 28 ಕಿಲೋ. ನಾಲ್ಕು ದಿನದಿಂದ ವಾಂತಿ, ಊಟ ಬಿಟ್ಟಿದ್ದಾನೆ. ನೀರು ಜಾಸ್ತಿ ಕುಡಿದು ಮನೆಯೊಳಗೇ ಉಚ್ಚೆ ಮಾಡುತ್ತಿದ್ದ. ನಿನ್ನೆ ನೋಡಿದರೆ ಕಣ್ಣು, ವಸಡು ಎರಡೂ ಹಳದಿ. ರಿಪೋರ್ಟ್ ಹೀಗಿದೆ: ಕಿಡ್ನಿಯ ಕ್ರಿಯಾಟಿನಿನ್ 4.8, ಲಿವರ್‌ನ ಬಿಲಿರುಬಿನ್ 3.6, ಎಎಲ್‌ಟಿ 140, ಎಎಲ್‌ಪಿ 610, ಪ್ಲೇಟ್‌ಲೆಟ್ 78,000. ಇಲಿ ಜ್ವರ ತರುವ ಲೆಪ್ಟೊ ರೋಗಾಣುವಿನ ಟೈಟರ್: ಇಕ್ಟೆರೊಹೆಮೊರೇಜಿಯೆ 1:400, ಕ್ಯಾನಿಕೋಲಾ 1:200, ಗ್ರಿಪ್ಪೊಟೈಫೋಸಾ 1:100, ಪೊಮೋನಾ ನೆಗೆಟಿವ್. ಐದು ತಿಂಗಳ ಹಿಂದೆ ಲಸಿಕೆ ಆಗಿದೆ. "ಟೈಟರ್ ಲಸಿಕೆಯಿಂದಲೂ ಬಂದಿರಬಹುದು, ಆದರೂ ಚಿಕಿತ್ಸೆ ಶುರು ಮಾಡೋಣ" ಎಂದರು ನಮ್ಮ ಡಾಕ್ಟರ್. ಅಡ್ಮಿಟ್ ಆಗಿದ್ದಾನೆ. ಇದು ಇಲಿ ಜ್ವರ ಹೌದೋ ಅಲ್ವೋ? ನಾನು ಬರಿಗೈಯಲ್ಲೇ ಉಚ್ಚೆ ಒರೆಸಿದ್ದೇನೆ. 6 ವರ್ಷದ ಮಗಳು ಅವನ ಪಕ್ಕವೇ ಮಲಗುತ್ತಾಳೆ. ಮನೆಯಲ್ಲಿ ಇನ್ನೊಂದು ನಾಯಿಯೂ ಇದೆ.

ನಾಯಿ ಬ್ರೀಡರ್:
ಗಾಬರಿ ಬೇಡ. 1:400 ಅಂದರೆ ಲಸಿಕೆಯದೇ. 1:800 ದಾಟಿದರೆ ಮಾತ್ರ ಕಾಯಿಲೆ. ಲಸಿಕೆ ಹಾಕಿಸಿದ ನಾಯಿಗೆ ಇಲಿ ಜ್ವರ ಬರುವುದಿಲ್ಲ. ಪ್ಲೇಟ್‌ಲೆಟ್ ಕಡಿಮೆ ಇದೆ ಎಂದರೆ ಉಣ್ಣೆ ಜ್ವರ ಇರಬೇಕು, ಅದರ ಟೆಸ್ಟ್ ಮಾಡಿಸಿ.

ಪಶುವೈದ್ಯೆ:
ಉಣ್ಣೆ ಜ್ವರದ ಟೆಸ್ಟ್ ಮಾಡಿಸಿ ಎಂದದ್ದು ಸರಿ, ಅದನ್ನು ಖಂಡಿತ ಮಾಡಿಸಿ. ಉಳಿದದ್ದು ಸರಿಯಿಲ್ಲ.

ಮೊದಲು ದಿನ ಎಣಿಸಿ. ರಾಜನಿಗೆ ಹುಷಾರಿಲ್ಲದೆ ನಾಲ್ಕೇ ದಿನ ಆಗಿದೆ. ಟೈಟರ್ ಅಳೆಯುವುದು ಪ್ರತಿಕಾಯಗಳನ್ನು, ರೋಗಾಣುವನ್ನಲ್ಲ. ದೇಹ ಪ್ರತಿಕಾಯ ಮಾಡಿಕೊಳ್ಳಲು ಒಂದು ವಾರವಾದರೂ ಬೇಕು. ಅದಕ್ಕೇ ಮೊದಲ ವಾರದಲ್ಲಿ ನಿಜವಾಗಿ ಇಲಿ ಜ್ವರ ಇರುವ ನಾಯಿಗೂ ಟೈಟರ್ ಪೂರ್ತಿ ನೆಗೆಟಿವ್ ಬರಬಹುದು. ಹಾಗಾಗಿ ಈ ರಿಪೋರ್ಟ್ ನೋಡಿ "ಅಲ್ಲ" ಎನ್ನುವ ಹಾಗಿಲ್ಲ.

"ಹೌದು" ಎನ್ನಲೂ ಆಗುವುದಿಲ್ಲ. ನಿಮ್ಮ ಲಸಿಕೆಯಲ್ಲಿ ಎರಡೇ ಬಗೆಯ ಲೆಪ್ಟೊ ಇದ್ದಿದ್ದರೆ ಅವು ಕ್ಯಾನಿಕೋಲಾ ಮತ್ತು ಇಕ್ಟೆರೊಹೆಮೊರೇಜಿಯೆ. ರಿಪೋರ್ಟಿನಲ್ಲಿ ಮೇಲಿರುವುದೂ ಅವೇ ಎರಡು. ಲಸಿಕೆಯಿಂದ ಬಂದ ಟೈಟರ್ ಸಾಮಾನ್ಯವಾಗಿ ನಾಲ್ಕು ತಿಂಗಳೊಳಗೆ ಇಳಿಯುತ್ತದೆ, ಆದರೆ ಕೆಲವು ನಾಯಿಗಳಲ್ಲಿ ಇನ್ನೂ ಮುಂದೆ ಉಳಿಯುತ್ತದೆ. ಲಸಿಕೆ ಹಾಕಿದ ಹೊಸದರಲ್ಲಿ ಅದು 1:1600ರವರೆಗೂ ಹೋಗಬಹುದು. ಹಾಗಾಗಿ "800 ದಾಟಿದರೆ ಕಾಯಿಲೆ, ದಾಟದಿದ್ದರೆ ಇಲ್ಲ" ಎಂಬ ಗೆರೆ ಎರಡೂ ಕಡೆ ಸೋಲುತ್ತದೆ.

ಲಸಿಕೆ ಹಾಕಿದರೆ ಬರುವುದೇ ಇಲ್ಲ ಎನ್ನುವುದೂ ತಪ್ಪು. ಲಸಿಕೆ ತನ್ನಲ್ಲಿರುವ ಬಗೆಗಳಿಗೆ ಮಾತ್ರ ಚೆನ್ನಾಗಿ ರಕ್ಷಣೆ ಕೊಡುತ್ತದೆ. ಲಸಿಕೆಯ ಪುಸ್ತಕ ತೆಗೆದು, ಬಾಟಲಿಯ ಸ್ಟಿಕರ್‌ನಲ್ಲಿ ಏನೇನು ಬರೆದಿದೆ ನೋಡಿ ಹೇಳಿ.

ನನಗೆ ಈಗ ಟೈಟರ್‌ಗಿಂತ ರಕ್ತದ ರಿಪೋರ್ಟ್ ಮುಖ್ಯ. ಮೂತ್ರ ಪರೀಕ್ಷೆ ಮಾಡಿದ್ದಾರಾ? ಅದರಲ್ಲಿ ಸಾಂದ್ರತೆ ಎಷ್ಟು, ಸಕ್ಕರೆ ಇದೆಯಾ? ಚಿಕಿತ್ಸೆಗೆ ಏನು ಕೊಡುತ್ತಿದ್ದಾರೆ?

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಮೇಡಂ. ಸ್ಟಿಕರ್‌ನಲ್ಲಿ ನೀವು ಹೇಳಿದ ಎರಡೇ ಹೆಸರು ಇವೆ. ಮೂತ್ರದ ಸಾಂದ್ರತೆ 1.011, ಸಕ್ಕರೆ ಎರಡು ಪ್ಲಸ್. ರಕ್ತದ ಸಕ್ಕರೆ 96. ಇವನಿಗೆ ಶುಗರ್ ಕೂಡ ಬಂತಾ ಎಂದು ಭಯ ಆಯಿತು. ಡ್ರಿಪ್ ಮತ್ತು ಆಂಪಿಸಿಲಿನ್ ಇಂಜೆಕ್ಷನ್ ನಡೆಯುತ್ತಿದೆ.

ಪಶುವೈದ್ಯೆ:
ಶುಗರ್ ಅಲ್ಲ. ರಕ್ತದಲ್ಲಿ ಸಕ್ಕರೆ ಸರಿಯಿದ್ದು ಮೂತ್ರದಲ್ಲಿ ಮಾತ್ರ ಬರುತ್ತಿದೆ ಎಂದರೆ, ಶೋಧಿಸಿದ ಸಕ್ಕರೆಯನ್ನು ವಾಪಸ್ ಎಳೆದುಕೊಳ್ಳಬೇಕಾದ ಕಿಡ್ನಿಯ ಸಣ್ಣ ನಾಳಗಳು ಕೆಲಸ ನಿಲ್ಲಿಸಿವೆ ಎಂದರ್ಥ. ಲೆಪ್ಟೊಸ್ಪೈರಾ ಹೋಗಿ ಕೂರುವ ಜಾಗವೇ ಅದು. ಮೊದಲು ರಕ್ತದಲ್ಲಿ ಓಡಾಡುತ್ತದೆ, ಆಮೇಲೆ ಕಿಡ್ನಿಯ ನಾಳಗಳ ಒಳಗೋಡೆಗೆ ಅಂಟಿಕೊಂಡು ಮೂತ್ರದಲ್ಲಿ ಹೊರಬರುತ್ತದೆ. ಶುರುವಿನಲ್ಲಿ ನೀರು ಜಾಸ್ತಿ ಕುಡಿದು ತೆಳ್ಳಗೆ ಮೂತ್ರ ಮಾಡಿದ್ದು ಇದೇ ಕಾರಣಕ್ಕೆ. ನಾಳಗಳಿಗೆ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಹೋಗಿತ್ತು. ಕ್ರಿಯಾಟಿನಿನ್ 4.8 ಇರುವ, ವಾಂತಿಯಿಂದ ಒಣಗಿದ ನಾಯಿಯ ಮೂತ್ರ ಗಟ್ಟಿಯಾಗಿರಬೇಕಿತ್ತು. 1.011 ಎಂದರೆ ತೊಂದರೆ ಕಿಡ್ನಿಯಲ್ಲೇ ಇದೆ. ಬರೀ ನೀರಿನ ಕೊರತೆಯಿಂದ ಕ್ರಿಯಾಟಿನಿನ್ ಏರಿದ್ದಲ್ಲ. ಆ ಮಾದರಿ ಡ್ರಿಪ್ ಹಾಕುವ ಮೊದಲೇ ತೆಗೆದದ್ದಾ ಎಂದು ಮಾತ್ರ ಕೇಳಿಕೊಳ್ಳಿ. ಡ್ರಿಪ್ ಹಾಕಿದ ಮೇಲಿನದಾದರೆ ಆ ಸಂಖ್ಯೆಗೆ ಅಷ್ಟು ಬೆಲೆಯಿಲ್ಲ.

ಲಿವರ್ ವಿಷಯದಲ್ಲಿ ಒಂದು ಗಮನಿಸಿ. ಎಎಲ್‌ಪಿ ಮತ್ತು ಬಿಲಿರುಬಿನ್ ತುಂಬಾ ಏರಿವೆ, ಎಎಲ್‌ಟಿ ಸ್ವಲ್ಪವೇ ಏರಿದೆ. ಲಿವರ್‌ನ ಕೋಶಗಳು ಸಾಲುಸಾಲಾಗಿ ಸತ್ತಿದ್ದರೆ ಎಎಲ್‌ಟಿ ಸಾವಿರ ದಾಟುತ್ತಿತ್ತು. ಇಲ್ಲಿ ಕೋಶಗಳ ನಡುವಿನ ಹೊಂದಾಣಿಕೆ ಕೆಟ್ಟು ಪಿತ್ತ ಸರಿಯಾಗಿ ಹರಿಯುತ್ತಿಲ್ಲ. ಕೋಶಗಳು ಬಹುಪಾಲು ಬದುಕಿವೆ. ಅದಕ್ಕೇ ಈ ಕಾಯಿಲೆಯಿಂದ ಉಳಿದ ನಾಯಿಗಳಲ್ಲಿ ಲಿವರ್ ಸಾಮಾನ್ಯವಾಗಿ ಚೆನ್ನಾಗಿ ಚೇತರಿಸಿಕೊಳ್ಳುತ್ತದೆ. ಹಳದಿ ಮಾತ್ರ ನಿಧಾನವಾಗಿ ಇಳಿಯುತ್ತದೆ. ಕ್ರಿಯಾಟಿನಿನ್ ಇಳಿಯುತ್ತಿರುವಾಗಲೂ ಕಣ್ಣು ಹಳದಿಯಾಗಿದ್ದರೆ ಚಿಕಿತ್ಸೆ ಕೆಲಸ ಮಾಡುತ್ತಿಲ್ಲ ಎಂದುಕೊಳ್ಳಬೇಡಿ.

ಕಿಡ್ನಿ, ಲಿವರ್, ಪ್ಲೇಟ್‌ಲೆಟ್ ಮೂರೂ ಒಟ್ಟಿಗೆ ಈ ಬಗೆಯಲ್ಲಿ ಕೆಟ್ಟಿವೆ, ಜೊತೆಗೆ ಮೂತ್ರದಲ್ಲಿ ಸಕ್ಕರೆ ಇದೆ. ನಾನಾಗಿದ್ದರೂ ಇಲಿ ಜ್ವರ ಎಂದೇ ಹಿಡಿದು ಚಿಕಿತ್ಸೆ ಕೊಡುತ್ತಿದ್ದೆ. ನಿಮ್ಮ ಡಾಕ್ಟರ್ ಮಾಡಿದ್ದು ಸರಿಯಾಗಿದೆ. ಟೈಟರ್‌ಗಾಗಿ ಕಾಯುತ್ತಾ ಕೂತರೆ ಕಿಡ್ನಿ ಕಾಯುವುದಿಲ್ಲ. ವಾಂತಿ ನಿಂತ ಮೇಲೆ ಡಾಕ್ಸಿಸೈಕ್ಲಿನ್‌ಗೆ ಬದಲಾಯಿಸುತ್ತಾರೆ. ಕಿಲೋಗೆ 5 ಎಂಜಿಯಂತೆ 12 ಗಂಟೆಗೊಮ್ಮೆ, ಒಟ್ಟು ಎರಡು ವಾರ. ರಾಜನಿಗೆ ಸುಮಾರು 140 ಎಂಜಿ ಆಗುತ್ತದೆ. ಆಂಪಿಸಿಲಿನ್ ರಕ್ತದಲ್ಲಿರುವ ರೋಗಾಣುವನ್ನು ಹೊಡೆಯುತ್ತದೆ, ಆದರೆ ಕಿಡ್ನಿಯ ನಾಳದಲ್ಲಿ ಕೂತದ್ದನ್ನು ಪೂರ್ತಿ ತೆಗೆಯುವ ಭರವಸೆಯಿಲ್ಲ. ನಾಯಿ ಚೆನ್ನಾಗಿ ಕಾಣುತ್ತದೆ ಎಂದು ಡಾಕ್ಸಿ ಅರ್ಧಕ್ಕೆ ನಿಲ್ಲಿಸಿದರೆ ಅದು ಮೂತ್ರದಲ್ಲಿ ರೋಗಾಣು ಬಿಡುತ್ತಲೇ ಇರಬಹುದು.

ಮಾತ್ರೆ ಕೊಟ್ಟ ಮೇಲೆ ಸ್ವಲ್ಪ ಆಹಾರವನ್ನೋ ನೀರನ್ನೋ ಕೊಡಿ. ಒಣ ಮಾತ್ರೆ ಅನ್ನನಾಳದಲ್ಲಿ ಅಂಟಿದರೆ ಹುಣ್ಣಾಗುತ್ತದೆ. ರಕ್ತದಲ್ಲಿ ಏರಿದ ರಂಜಕ ಇಳಿಸಲು ಅಲ್ಯೂಮಿನಿಯಂ ಇರುವ ಔಷಧಿ ಕೊಟ್ಟಿದ್ದರೆ ಎರಡಕ್ಕೂ ನಡುವೆ ಕನಿಷ್ಠ ಎರಡು ಗಂಟೆ ಬಿಡಿ. ಇಲ್ಲದಿದ್ದರೆ ಡಾಕ್ಸಿ ಹೊಟ್ಟೆಯಲ್ಲೇ ಅದಕ್ಕೆ ಅಂಟಿಕೊಂಡು ವ್ಯರ್ಥವಾಗುತ್ತದೆ.

ಎರಡು ಬೀಗಲ್‌ಗಳ ಅಮ್ಮ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಬೀಗಲ್‌ಗೆ ಪಾರ್ವೊ, ಡಿಸ್ಟೆಂಪರ್ ಟೈಟರ್ ಮಾಡಿಸಿ, ಚೆನ್ನಾಗಿದೆ ಎಂದು ಈ ವರ್ಷ ಲಸಿಕೆ ಬಿಟ್ಟೆವು. ಇವರ ನಾಯಿಗೆ ಲೆಪ್ಟೊ ಟೈಟರ್ 1:400 ಇದೆ ಎಂದರೆ ರಕ್ಷಣೆ ಚೆನ್ನಾಗಿದೆ ಅಂತ ಅಲ್ವಾ? ಹಾಗಾದರೆ ನಾನೂ ಅದನ್ನು ಮಾಡಿಸಿ ಲೆಪ್ಟೊ ಲಸಿಕೆ ಬಿಡಬಹುದಾ?

ಪಶುವೈದ್ಯೆ:
ಬಿಡಬೇಡಿ. ಪಾರ್ವೊ, ಡಿಸ್ಟೆಂಪರ್ ಕಥೆಯೇ ಬೇರೆ, ಅಲ್ಲಿ ಟೈಟರ್ ಇದ್ದರೆ ರಕ್ಷಣೆ ಇದೆ ಎಂದು ಹೇಳಬಹುದು. ಲೆಪ್ಟೊದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಟೈಟರ್ ಸೊನ್ನೆಗೆ ಇಳಿದ ನಾಯಿಗೂ ರಕ್ಷಣೆ ಇರಬಹುದು, ಟೈಟರ್ ಇರುವ ನಾಯಿಗೂ ಕಾಯಿಲೆ ಬರಬಹುದು. ಲೆಪ್ಟೊ ಲಸಿಕೆ ವರ್ಷಕ್ಕೊಮ್ಮೆ ಬೇಕೇ ಬೇಕು. ಸಾಧ್ಯವಾದರೆ ನಾಲ್ಕು ಬಗೆ ಇರುವುದನ್ನೇ ಕೇಳಿ.

ಲ್ಯಾಬ್ ಟೆಕ್ನಿಷಿಯನ್:
ಪ್ರಾಣಿಗಳ ಲ್ಯಾಬ್‌ನಲ್ಲಿ ಈ ಟೆಸ್ಟ್ ಮಾಡುವವನು ನಾನು. ಅದು ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದರೆ ಸಂಖ್ಯೆಯ ಮೇಲೆ ಇಷ್ಟು ಜಗಳ ಇರುವುದಿಲ್ಲ. ಜೀವಂತ ಲೆಪ್ಟೊಸ್ಪೈರಾವನ್ನು ನಾಯಿಯ ಸೀರಂ ಜೊತೆ ಬೆರೆಸುತ್ತೇವೆ. ಸೀರಂ ಅನ್ನು ಪ್ರತಿ ಸಲ ಎರಡರಷ್ಟು ತೆಳುವಾಗಿಸುತ್ತಾ ಹೋಗುತ್ತೇವೆ: 100, 200, 400, 800, ಹೀಗೆ. ಕಪ್ಪು ಹಿನ್ನೆಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿ, ಸುಮಾರು ಅರ್ಧದಷ್ಟು ರೋಗಾಣು ಗುಂಪುಗಟ್ಟಿದ ಕೊನೆಯ ಮೆಟ್ಟಿಲು ಯಾವುದೋ ಅದನ್ನು ಬರೆಯುತ್ತೇವೆ. ಅರ್ಧವೋ ಅಲ್ಲವೋ ಎಂದು ನಿರ್ಧರಿಸುವುದು ಕಣ್ಣು. ನಾನು 400 ಎಂದದ್ದನ್ನು ಪಕ್ಕದವರು 800 ಎನ್ನಬಹುದು. ಅದಕ್ಕೇ ಒಂದು ಮೆಟ್ಟಿಲಿನ ವ್ಯತ್ಯಾಸಕ್ಕೆ ಅರ್ಥವಿಲ್ಲ. ಎರಡು ಮೆಟ್ಟಿಲು, ಅಂದರೆ ನಾಲ್ಕು ಪಟ್ಟು ಏರಿದರೆ ಆಗ ಮಾತಾಡಬಹುದು.

ಇನ್ನೊಂದು ವಿಷಯ. ಎರಡನೇ ಮಾದರಿಯನ್ನು ಅದೇ ಲ್ಯಾಬ್‌ಗೆ ಕೊಡಿ. ಮೊದಲ ಸೀರಂ ಉಳಿದಿದ್ದರೆ ಎರಡನ್ನೂ ಒಂದೇ ದಿನ ಒಟ್ಟಿಗೆ ಹಾಕಿ ಎಂದು ಕೇಳಿ. ಬೇರೆ ಬೇರೆ ಲ್ಯಾಬ್‌ನ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಸುಮ್ನೆ.

ಪಶುವೈದ್ಯೆ:
ಇದನ್ನು ಎಲ್ಲರೂ ಓದಿಕೊಳ್ಳಿ. ರಾಜನಿಗೆ ಮೊದಲ ಮಾದರಿ ತೆಗೆದ 7ರಿಂದ 14 ದಿನದೊಳಗೆ ಎರಡನೆಯದು ಬೇಕು. ಆಂಟಿಬಯೋಟಿಕ್ ಬೇಗ ಶುರುವಾದರೆ ಪ್ರತಿಕಾಯಗಳ ಏರಿಕೆಯೂ ಸ್ವಲ್ಪ ಮಂಕಾಗಬಹುದು. ಹಾಗಾಗಿ ಏರದಿದ್ದರೂ ಇಲಿ ಜ್ವರ ಅಲ್ಲವೇ ಅಲ್ಲ ಎಂದು ಬರೆದುಕೊಡಲು ಆಗುವುದಿಲ್ಲ.

ಪ್ರಶ್ನೆ ಕೇಳಿದವರು:
ಮಾಡಿಸುತ್ತೇವೆ. ಮಗಳ ಬಗ್ಗೆ ಹೇಳಿ ಮೇಡಂ, ನಿದ್ದೆ ಬರುತ್ತಿಲ್ಲ. ನಮ್ಮೆಲ್ಲರಿಗೂ ಈಗಲೇ ರಕ್ತ ಪರೀಕ್ಷೆ ಮಾಡಿಸಲಾ? ರಾಜನ ಡಾಕ್ಸಿ ಮಾತ್ರೆಯನ್ನೇ ನಾವೂ ತೆಗೆದುಕೊಂಡರೆ ಆಗುತ್ತದಾ?

ಪಶುವೈದ್ಯೆ:
ನಾಯಿಯ ಮಾತ್ರೆ ಮುಟ್ಟಬೇಡಿ. ಮನುಷ್ಯರ ಚಿಕಿತ್ಸೆ ಬಗ್ಗೆ ಹೇಳಬೇಕಾದವಳು ನಾನಲ್ಲ, ಗುಂಪಿನಲ್ಲಿ ಒಬ್ಬರು ಡಾಕ್ಟರ್ ಇದ್ದಾರೆ. ಮನೆಯ ಕೆಲಸ ನಾನು ಹೇಳುತ್ತೇನೆ.

ಸಾಕು ನಾಯಿಯಿಂದ ಮನೆಯವರಿಗೆ ಇದು ಹರಡುವುದು ಅಪರೂಪ. ಆದರೆ ಆಗುವುದೇ ಇಲ್ಲ ಎಂದಲ್ಲ. ದಾರಿ ಮೂತ್ರ. ಅದು ಗಾಯಕ್ಕೆ, ಕಣ್ಣಿಗೆ, ಬಾಯಿಗೆ, ಮೂಗಿಗೆ ತಾಗಬೇಕು. ಪಕ್ಕದಲ್ಲಿ ಮಲಗಿದ್ದಕ್ಕೇ, ತಲೆ ಸವರಿದ್ದಕ್ಕೇ ಬರುವ ಕಾಯಿಲೆ ಅಲ್ಲ. ಮಗಳ ಹಾಸಿಗೆಯಲ್ಲಿ ಮೂತ್ರ ಬಿದ್ದಿತ್ತಾ ಎಂಬುದು ಮುಖ್ಯ. ನಿಮ್ಮ ಕೈಯಲ್ಲಿ ಆಗ ಗಾಯ ಇತ್ತಾ, ಒರೆಸಿ ಸೋಪು ಹಾಕಿ ತೊಳೆದಿರಾ ಎಂಬುದೂ ಅಷ್ಟೇ ಮುಖ್ಯ. ಆಂಟಿಬಯೋಟಿಕ್ ಶುರುವಾದ ಎರಡು ಮೂರು ದಿನದಲ್ಲಿ ಅಪಾಯ ತುಂಬಾ ಇಳಿಯುತ್ತದೆ. ಆದ್ದರಿಂದ ನೀವು ಯೋಚಿಸಬೇಕಾದದ್ದು ಅದಕ್ಕಿಂತ ಮುಂಚಿನ ದಿನಗಳ ಬಗ್ಗೆ.

ಮೂತ್ರ ಬಿದ್ದ ಜಾಗದಲ್ಲಿ ಮೊದಲು ಕೈಗವಸು ಹಾಕಿ ಪೇಪರ್‌ನಿಂದ ಹೀರಿ ತೆಗೆಯಿರಿ. ಆಮೇಲೆ ಒಂದು ಪಾಲು ಬ್ಲೀಚ್‌ಗೆ ಹತ್ತು ಪಾಲು ನೀರು ಬೆರೆಸಿ ಸುರಿದು, ಹತ್ತು ನಿಮಿಷ ಬಿಟ್ಟು ಒರೆಸಿ. ಮೂತ್ರ ಹಾಗೇ ಇರುವಾಗ ಬ್ಲೀಚ್ ಸುರಿದರೆ ಅದರ ಶಕ್ತಿ ಮೂತ್ರಕ್ಕೇ ಖರ್ಚಾಗುತ್ತದೆ. ಪೈಪ್ ಹಿಡಿದು ಜೋರಾಗಿ ನೀರು ಹೊಡೆಯಬೇಡಿ, ಹನಿ ಮುಖಕ್ಕೆ ಚಿಮ್ಮುತ್ತದೆ. ಈ ರೋಗಾಣುವಿಗೆ ಒಣಗುವುದೆಂದರೆ ಆಗುವುದಿಲ್ಲ. ಒಣಗಿದ ನೆಲದ ಚಿಂತೆ ಕಡಿಮೆ, ಒದ್ದೆ ಮಣ್ಣು ಮತ್ತು ನಿಂತ ನೀರಿನ ಚಿಂತೆ ಜಾಸ್ತಿ. ಅಲ್ಲಿ ವಾರಗಟ್ಟಲೆ ಬದುಕುತ್ತದೆ. ಡಾಕ್ಸಿ ಮುಗಿಯುವವರೆಗೂ ರಾಜನನ್ನು ಒಂದೇ ಜಾಗದಲ್ಲಿ ಮೂತ್ರಕ್ಕೆ ಬಿಡಿ. ಮಗಳು ಆ ಕಡೆ ಹೋಗದಿರಲಿ.

ಇನ್ನೊಂದು ನಾಯಿಗೂ ಬಹುಶಃ ಅದೇ ನೀರು, ಅದೇ ಇಲಿಯ ಮೂತ್ರ ತಾಗಿರುತ್ತದೆ. ಲಕ್ಷಣ ಇಲ್ಲದಿದ್ದರೂ ಅದಕ್ಕೂ ಎರಡು ವಾರ ಡಾಕ್ಸಿ ಕೊಡುವುದು ವಾಡಿಕೆ. ನಿಮ್ಮ ಡಾಕ್ಟರನ್ನು ಕೇಳಿ.

ಮನುಷ್ಯರ ಡಾಕ್ಟರ್:
ಲಕ್ಷಣವೇ ಇಲ್ಲದವರಿಗೆ ಇವತ್ತು ರಕ್ತ ಪರೀಕ್ಷೆ ಮಾಡಿಸಿ ಪ್ರಯೋಜನವಿಲ್ಲ. ಕಾರಣ ಮೇಲೆ ಹೇಳಿದ್ದೇ, ಪ್ರತಿಕಾಯ ಇನ್ನೂ ಬಂದಿರುವುದಿಲ್ಲ. ನೆಗೆಟಿವ್ ಬಂದರೆ ಸುಳ್ಳು ಸಮಾಧಾನ ಅಷ್ಟೇ. ಸೋಂಕು ತಗುಲಿದರೆ ಲಕ್ಷಣ ಸಾಮಾನ್ಯವಾಗಿ 5ರಿಂದ 14 ದಿನದಲ್ಲಿ ಕಾಣುತ್ತದೆ. ಎರಡೇ ದಿನಕ್ಕೂ ಬರಬಹುದು, ತಿಂಗಳವರೆಗೂ ತಡವಾಗಬಹುದು. ಜೋರು ಜ್ವರ, ತಲೆನೋವು, ಕೀವಿಲ್ಲದೆ ಕಣ್ಣು ಕೆಂಪಾಗುವುದು, ಮೀನಖಂಡ ಒತ್ತಿದರೆ ಕಿರುಚುವಷ್ಟು ನೋವು. ಇವು ಕಂಡರೆ ಅದೇ ದಿನ ಹೋಗಿ. "ಮನೆಯ ನಾಯಿಗೆ ಇಲಿ ಜ್ವರ ಆಗಿದೆ, ಮೂತ್ರ ಮುಟ್ಟಿದ್ದೆ" ಎಂದು ನೀವೇ ಬಾಯಿ ಬಿಟ್ಟು ಹೇಳಿ. ಹೇಳದಿದ್ದರೆ ಎಲ್ಲರೂ ಅದನ್ನು ವೈರಲ್ ಜ್ವರ ಎಂದೇ ನೋಡುತ್ತಾರೆ.

ಲಕ್ಷಣ ಇಲ್ಲದಾಗಲೇ ಮನೆಮಂದಿಗೆಲ್ಲ ಮುನ್ನೆಚ್ಚರಿಕೆಯ ಮಾತ್ರೆ ಕೊಡಬೇಕಾ ಎಂಬುದರಲ್ಲಿ ನಮ್ಮವರಲ್ಲೇ ಒಮ್ಮತ ಇಲ್ಲ. ಗಾಯದ ಕೈಯಲ್ಲಿ ಮೂತ್ರ ಒರೆಸಿದವರಿಗೆ ನಾನು ಕೊಡುವ ಕಡೆ ವಾಲುತ್ತೇನೆ, ಪಕ್ಕದಲ್ಲಿ ಮಲಗಿದ ಮಗುವಿಗೆ ಕೊಡುವುದಿಲ್ಲ. ಮನೆಯಲ್ಲಿ ಗರ್ಭಿಣಿಯೋ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರೋ ಇದ್ದರೆ ಫೋನಿನಲ್ಲಲ್ಲ, ಎದುರಿಗೆ ಕೂತು ಮಾತಾಡಿ.

ಪ್ರಶ್ನೆ ಕೇಳಿದವರು:
ಗರ್ಭಿಣಿಯರು ಯಾರೂ ಇಲ್ಲ. ನನ್ನ ಬೆರಳಿನಲ್ಲಿ ತರಕಾರಿ ಹೆಚ್ಚುವಾಗ ಆದ ಗಾಯ ಇತ್ತು. ನಾಳೆಯೇ ಹೋಗುತ್ತೇನೆ.

ನಾಯಿ ಬ್ರೀಡರ್:
ಮೂತ್ರದಲ್ಲಿ ರೋಗಾಣುವನ್ನೇ ಹುಡುಕುವ ಪಿಸಿಆರ್ ಟೆಸ್ಟ್ ಮಾಡಿಸಿದರೆ ಒಂದೇ ಏಟಿಗೆ ಗೊತ್ತಾಗುತ್ತಿತ್ತಲ್ಲ. ಟೈಟರ್ ತಲೆನೋವೇ ಇರುತ್ತಿರಲಿಲ್ಲ.

ಪ್ರಶ್ನೆ ಕೇಳಿದವರು:
ಅಡ್ಮಿಟ್ ಆದ ಮೂರನೇ ದಿನ ಮಾಡಿದ್ದಾರೆ. ಇವತ್ತು ರಿಪೋರ್ಟ್ ಬಂತು, ನೆಗೆಟಿವ್.

ನಾಯಿ ಬ್ರೀಡರ್:
ನೋಡಿ, ನಾನು ಹೇಳಿದ್ದೆ. ಇಲಿ ಜ್ವರ ಅಲ್ಲ.

ಪಶುವೈದ್ಯೆ:
ಮೂರನೇ ದಿನ ಎಂದರೆ ಅಷ್ಟರಲ್ಲಿ ಎರಡು ದಿನದ ಆಂಪಿಸಿಲಿನ್ ಒಳಗೆ ಹೋಗಿದೆ. ಪಿಸಿಆರ್ ಪಾಸಿಟಿವ್ ಬಂದರೆ ನಂಬಬಹುದು. ಆಂಟಿಬಯೋಟಿಕ್ ಆದ ಮೇಲೆ ನೆಗೆಟಿವ್ ಬಂದರೆ ಏನೂ ಹೇಳಿದಂತಾಗುವುದಿಲ್ಲ. ಜೊತೆಗೆ ರೋಗಾಣು ಮೂತ್ರದಲ್ಲಿ ದಿನವೂ ಒಂದೇ ಪ್ರಮಾಣದಲ್ಲಿ ಬರುವುದಿಲ್ಲ. ಈ ಟೆಸ್ಟ್ ಮಾಡುವುದಾದರೆ ಮೊದಲ ಇಂಜೆಕ್ಷನ್‌ಗೆ ಮುಂಚೆ ರಕ್ತ, ಮೂತ್ರ ಎರಡನ್ನೂ ತೆಗೆದಿಡಬೇಕು. ಮೊದಲ ವಾರ ರಕ್ತದಲ್ಲಿ ಸಿಗುವ ಸಾಧ್ಯತೆ ಹೆಚ್ಚು, ಆಮೇಲೆ ಮೂತ್ರದಲ್ಲಿ.

ಅಂದಹಾಗೆ, ಉಣ್ಣೆ ಜ್ವರದ ಟೆಸ್ಟ್ ಏನಾಯಿತು? ಡಾಕ್ಸಿ ಎರಡು ಕಾಯಿಲೆಗೂ ಕೆಲಸ ಮಾಡುತ್ತದೆ. ಡಾಕ್ಸಿಗೆ ನಾಯಿ ಚೇತರಿಸಿಕೊಂಡಿತು ಎಂಬುದೊಂದರಿಂದಲೇ ಯಾವ ಕಾಯಿಲೆ ಎಂದು ಹೇಳಲಾಗುವುದಿಲ್ಲ.

ಪ್ರಶ್ನೆ ಕೇಳಿದವರು:
ಅದು ನೆಗೆಟಿವ್ ಮೇಡಂ. ರಾಜ ಇವತ್ತು ಸ್ವಲ್ಪ ತಿಂದ. ಆದರೆ ಉಚ್ಚೆ ಕಡಿಮೆ ಆಗಿದೆ. ಮೊದಲು ಅಷ್ಟೊಂದು ಮಾಡುತ್ತಿದ್ದ, ಈಗ ಹತೋಟಿಗೆ ಬಂತು ಎಂದುಕೊಂಡೆವು.

ಪಶುವೈದ್ಯೆ:
ಇದನ್ನು ಓದಿದ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ. ಡ್ರಿಪ್ ಮೇಲಿರುವ ನಾಯಿಗೆ ಮೂತ್ರ ಕಡಿಮೆಯಾಗುವುದು ಒಳ್ಳೆಯ ಸುದ್ದಿ ಅಲ್ಲ. ನೀರಿನ ಕೊರತೆ ಸರಿಹೋದ ಮೇಲೂ ಗಂಟೆಗೆ ಕಿಲೋಗೆ 1 ಮಿಲಿಗಿಂತ ಕಡಿಮೆ, ಅಂದರೆ ರಾಜನಿಗೆ 28 ಮಿಲಿಗಿಂತ ಕಡಿಮೆ ಬರುತ್ತಿದ್ದರೆ ಕಿಡ್ನಿ ಮುಚ್ಚಿಕೊಳ್ಳುತ್ತಿದೆ. ಆಗ ಪೊಟ್ಯಾಸಿಯಂ ಏರುತ್ತದೆ, ಹಾಕಿದ ನೀರೆಲ್ಲ ದೇಹದಲ್ಲೇ ನಿಲ್ಲುತ್ತದೆ. ಮೂತ್ರ ಅಳೆಯುತ್ತಿದ್ದಾರಾ, ತೂಕ ದಿನಕ್ಕೆ ಎರಡು ಸಲ ನೋಡುತ್ತಿದ್ದಾರಾ ಎಂದು ಕೇಳಿ. ಊಟವಿಲ್ಲದೆಯೂ ತೂಕ ಏರುತ್ತಿದ್ದರೆ ಅದು ನೀರು. ಉಸಿರಾಟದ ಮೇಲೂ ಕಣ್ಣಿರಲಿ. ಮಲಗಿರುವಾಗ ನಿಮಿಷಕ್ಕೆ 40 ದಾಟಿದರೆ ನೀರು ಜಾಸ್ತಿಯಾಗಿದೆಯೋ, ಶ್ವಾಸಕೋಶದಲ್ಲಿ ರಕ್ತಸ್ರಾವವೋ ನೋಡಲೇಬೇಕು. ಈ ಕಾಯಿಲೆಯಲ್ಲಿ ನಾಯಿಗಳು ಬೇಗ ಸಾಯುವುದು ಆ ರಕ್ತಸ್ರಾವದಿಂದ.

ಪ್ರಶ್ನೆ ಕೇಳಿದವರು:
ಎರಡು ವಾರ ಆಯಿತು, ಹೇಳಲು ಬಂದೆ. ಅವತ್ತು ಫೋನ್ ಮಾಡಿದ್ದು ಒಳ್ಳೆಯದಾಯಿತು. ಗಂಟೆಗೆ 20 ಮಿಲಿ ಅಷ್ಟೇ ಬರುತ್ತಿತ್ತು, ತೂಕ ಎರಡು ಕಿಲೋ ಏರಿತ್ತು. ಡ್ರಿಪ್ ಇಳಿಸಿ ಔಷಧಿ ಬದಲಾಯಿಸಿದರು. ಡಯಾಲಿಸಿಸ್‌ಗೆ ಕಳಿಸಬೇಕಾಗಬಹುದು ಎಂದಿದ್ದರು, ಆದರೆ ಮರುದಿನ ಮೂತ್ರ ಬರತೊಡಗಿತು. ಕ್ರಿಯಾಟಿನಿನ್ 6.1ಕ್ಕೆ ಹೋಗಿ ಈಗ 2.1. ಬಿಲಿರುಬಿನ್ 0.9. ಮನೆಗೆ ಬಂದಿದ್ದಾನೆ. ನಮಗ್ಯಾರಿಗೂ ಈವರೆಗೆ ಜ್ವರ ಇಲ್ಲ. ನನಗೆ ಮಾತ್ರ ಡಾಕ್ಟರ್ ಮಾತ್ರೆ ಕೊಟ್ಟರು.

ಎರಡನೇ ಟೈಟರ್ ಅದೇ ಲ್ಯಾಬ್, ಹನ್ನೊಂದು ದಿನದ ನಂತರ. ಗ್ರಿಪ್ಪೊಟೈಫೋಸಾ 1:3200, ಇಕ್ಟೆರೊಹೆಮೊರೇಜಿಯೆ 1:1600, ಕ್ಯಾನಿಕೋಲಾ 1:400, ಪೊಮೋನಾ 1:200. ಹಾಗಾದರೆ ಲಸಿಕೆಯಲ್ಲಿ ಇಲ್ಲದ ಗ್ರಿಪ್ಪೊಟೈಫೋಸಾದಿಂದಲೇ ಬಂತು ಅಲ್ವಾ?

ಲ್ಯಾಬ್ ಟೆಕ್ನಿಷಿಯನ್:
100ರಿಂದ 3200, ಐದು ಮೆಟ್ಟಿಲು. ಇದನ್ನು ಕಣ್ಣಿನ ತಪ್ಪು ಎನ್ನಲು ಆಗುವುದಿಲ್ಲ.

ಪಶುವೈದ್ಯೆ:
ಇಲಿ ಜ್ವರ ಎಂಬುದು ಈಗ ಖಚಿತ. ಐದು ತಿಂಗಳ ಹಳೆಯ ಲಸಿಕೆಯ ಟೈಟರ್ ಹನ್ನೊಂದು ದಿನದಲ್ಲಿ ಹೀಗೆ ಏರುವುದಿಲ್ಲ.

ಯಾವ ಬಗೆಯಿಂದ ಎಂಬುದಕ್ಕೆ ನಾನು ಅಷ್ಟು ಗಟ್ಟಿಯಾಗಿ ಉತ್ತರ ಕೊಡುವುದಿಲ್ಲ. ಒಂದು ಬಗೆಯ ಸೋಂಕಿಗೆ ಹುಟ್ಟಿದ ಪ್ರತಿಕಾಯ ಬೇರೆ ಬಗೆಗಳಿಗೂ ಅಂಟುತ್ತದೆ. ಶುರುವಿನ ವಾರಗಳಲ್ಲಿ ಸೋಂಕು ತಂದ ಬಗೆಗಿಂತ ಬೇರೆಯದಕ್ಕೇ ಟೈಟರ್ ಮೇಲಿರುವುದೂ ಉಂಟು. ಲ್ಯಾಬ್‌ನ ಪಟ್ಟಿಯಲ್ಲೇ ಇಲ್ಲದ ಬಗೆಯೂ ಆಗಿರಬಹುದು. ಗ್ರಿಪ್ಪೊಟೈಫೋಸಾ ಇರುವ ಸಾಧ್ಯತೆ ಇದೆ, ಅಷ್ಟೇ. ಚಿಕಿತ್ಸೆ ಇದರಿಂದ ಬದಲಾಗುವುದಿಲ್ಲ, ಆದರೆ ಮುಂದಿನ ಲಸಿಕೆ ನಾಲ್ಕು ಬಗೆಯದ್ದಾಗಲಿ.

ಈಗ ಟೈಟರ್ ಇಳಿಯಿತಾ ಎಂದು ಮತ್ತೆ ಮತ್ತೆ ನೋಡಬೇಡಿ, ಅದು ತಿಂಗಳುಗಟ್ಟಲೆ ಇರುತ್ತದೆ. ಕ್ರಿಯಾಟಿನಿನ್ ಮತ್ತು ಮೂತ್ರದ ಸಾಂದ್ರತೆಯನ್ನು ಒಂದು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ನೋಡಿಸಿ. 2.1 ಇನ್ನೂ ಇಳಿಯಬಹುದು, ಕಿಡ್ನಿ ತಿಂಗಳುಗಳವರೆಗೂ ಸುಧಾರಿಸುತ್ತಾ ಹೋಗುತ್ತದೆ. ಅಲ್ಲೇ ನಿಂತುಬಿಡಲೂಬಹುದು, ಆಗ ಕಿಡ್ನಿಯ ಆಹಾರ ಕಾಯಂ ಆಗುತ್ತದೆ. ಯಾವುದು ಎಂದು ಇವತ್ತು ಹೇಳುವ ಟೆಸ್ಟ್ ಇಲ್ಲ. ಡಾಕ್ಸಿ ಇನ್ನೂ ಎಷ್ಟು ದಿನ ಉಳಿದಿದೆ?

ಪ್ರಶ್ನೆ ಕೇಳಿದವರು:
ಐದು ದಿನ.

ಪಶುವೈದ್ಯೆ:
ಮುಗಿಸಿ. ಅಲ್ಲಿಯವರೆಗೆ ಮಗಳು ಬೇರೆ ಮಲಗಲಿ.